ಮಣ್ಣಿನ ಚೆಕ್ ಡ್ಯಾಂ ಹಿಂದೆ ಎಷ್ಟು ನೀರು ನಿಲ್ಲುತ್ತದೆ? ಟೇಪು, ಟ್ಯೂಬು ಹಿಡಿದು ಲೆಕ್ಕ ಹಾಕುವ ಬಗೆ

ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸೋಣ ಅಂದಾಗ ಖರ್ಚಿನ ಲೆಕ್ಕ ಬೇಗ ಸಿಗುತ್ತದೆ. ಜೆಸಿಬಿ ಗಂಟೆಗೆ ಇಷ್ಟು, ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಅಂತ ಊರಲ್ಲೇ ಹೇಳುತ್ತಾರೆ. ನಿಲ್ಲುವ ನೀರಿನ ಲೆಕ್ಕ ಮಾತ್ರ ಬಾಯಿಗೆ ಬಂದಂತೆ ಇರುತ್ತದೆ. ಒಬ್ಬರು ಐದು ಲಕ್ಷ ಲೀಟರ್ ಅಂದರೆ ಇನ್ನೊಬ್ಬರು ಮೂವತ್ತು ಲಕ್ಷ ಅನ್ನುತ್ತಾರೆ. ಇಬ್ಬರೂ ಅದೇ ಹಳ್ಳವನ್ನೇ ನೋಡಿರುತ್ತಾರೆ.

ಹಳ್ಳದ ಅಗಲ, ದಡದ ಇಳಿಜಾರು, ನೀರಿನ ಆಳ. ಈ ಮೂರು ಗೊತ್ತಾದರೆ ಲೆಕ್ಕ ಮುಗಿಯಿತು ಅಂತ ಅನಿಸುತ್ತದೆ. ಆದರೆ ಈ ಮೂರರಿಂದ ಸಿಗುವುದು ಒಡ್ಡಿನ ಪಕ್ಕದಲ್ಲಿ ನೀರನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಆಕಾರ ಮಾತ್ರ. ಆ ನೀರು ಹಿಂದಕ್ಕೆ ಎಷ್ಟು ದೂರ ಹೋಗುತ್ತದೆ ಅನ್ನುವುದು ನಾಲ್ಕನೆಯ ಅಳತೆ. ಅದು ಹಳ್ಳದ ತಳ ಎಷ್ಟು ಬೇಗ ಏರುತ್ತಾ ಹೋಗುತ್ತದೆ ಅನ್ನೋದರ ಮೇಲೆ ನಿಂತಿದೆ. ಲೆಕ್ಕ ತಪ್ಪುವುದು ಜಾಸ್ತಿ ಇಲ್ಲೇ.

ಇಲ್ಲಿ ಹೇಳುವುದೆಲ್ಲ ಬಯಲುಸೀಮೆಯ ಸಣ್ಣ ಹಳ್ಳಗಳಿಗೆ, ಎರಡು ಎರಡೂವರೆ ಮೀಟರ್ ಎತ್ತರದ ಒಡ್ಡುಗಳಿಗೆ. ಅದಕ್ಕಿಂತ ಎತ್ತರದ್ದಾದರೆ ಇಂಜಿನಿಯರ್ ಹತ್ತಿರ ಹೋಗಲೇಬೇಕು. ಅಳತೆಗೆ ಬೇಕಾದದ್ದು ಮೂವತ್ತು ಮೀಟರ್ ಟೇಪು, ಗಾರೆ ಕೆಲಸದವರು ಲೆವೆಲ್ ನೋಡಲು ಬಳಸುವ ಪಾರದರ್ಶಕ ಟ್ಯೂಬು ಹದಿನೈದು ಇಪ್ಪತ್ತು ಮೀಟರ್, ನೇರವಾದ ಎರಡು ಕೋಲು, ಒಂದಷ್ಟು ಗೂಟ. ಜೊತೆಗೆ ಟ್ಯೂಬಿನ ಇನ್ನೊಂದು ತುದಿ ಹಿಡಿಯಲು ಒಬ್ಬರು.

ಮೊದಲು ಆಳ: ಕೋಡಿಯವರೆಗೆ ಮಾತ್ರ

ಆಳ ಅಂದರೆ ಒಡ್ಡಿನ ಎತ್ತರ ಅಲ್ಲ. ನೀರು ನಿಲ್ಲುವುದು ಕೋಡಿಯ ಮಟ್ಟದವರೆಗೆ. ಅದಕ್ಕಿಂತ ಮೇಲೆ ಬಂದದ್ದು ಹರಿದು ಹೋಗುತ್ತದೆ. ಮಣ್ಣಿನ ಒಡ್ಡಿನ ಮೇಲೆ ನೀರು ಹರಿದರೆ ಒಂದೇ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಒಡ್ಡಿನ ನೆತ್ತಿಯನ್ನು ಕೋಡಿಗಿಂತ ಸಾಕಷ್ಟು ಎತ್ತರಕ್ಕೆ ಕಟ್ಟುತ್ತಾರೆ. ಕೋಡಿ ಮೇಲೆ ಜೋರಾಗಿ ಹರಿಯುವ ನೀರಿಗೆ ಅರ್ಧ ಮೀಟರ್, ಅದರ ಮೇಲೆ ಸುರಕ್ಷತೆಗೆ ಇನ್ನರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಹಾಗಾದರೆ ಎರಡೂವರೆ ಮೀಟರ್ ಒಡ್ಡಿನಲ್ಲಿ ನಿಲ್ಲುವ ನೀರಿನ ಆಳ ಒಂದೂವರೆ ಮೀಟರ್ ಅಷ್ಟೇ.

ಅಳೆಯುವುದು ಒಡ್ಡಿನ ಒಳಮೈ ಹಳ್ಳದ ತಳ ಮುಟ್ಟುವ ಕಡೆ, ಹಳ್ಳದ ನಡುವೆ. ಒಂದು ಗುಂಡಿ ಇದ್ದರೆ ಅದರ ತಳವನ್ನು ಹಿಡಿಯಬೇಡಿ. ಸುತ್ತಲಿನ ಸಾಧಾರಣ ತಳವನ್ನೇ ಹಿಡಿಯಿರಿ.

ತಳದ ಅಗಲ, ದಡದ ಇಳಿಜಾರು

ಅಗಲ ಅಂದರೆ ಮೇಲಿನ ದಡದಿಂದ ದಡಕ್ಕೆ ಅಲ್ಲ, ತಳದ ಅಗಲ. ಚಪ್ಪಟೆಯಾದ ತಳ ಎಲ್ಲಿ ಮುಗಿದು ದಡ ಏರಲು ಶುರುವಾಗುತ್ತದೋ, ಆ ಎರಡು ಅಂಚುಗಳ ನಡುವಿನ ದೂರ. ಒಡ್ಡಿನ ಜಾಗದಲ್ಲಿ ಒಂದು ಸಲ, ಹಿಂದಕ್ಕೆ ಹೋಗುತ್ತಾ ಎರಡು ಮೂರು ಕಡೆ ಅಳೆದರೆ ಸರಾಸರಿ ಸಿಗುತ್ತದೆ.

ದಡದ ಇಳಿಜಾರನ್ನು ಡಿಗ್ರಿಯಲ್ಲಿ ಅಳೆಯುವ ಅಗತ್ಯ ಇಲ್ಲ. ದಡ ಒಂದು ಮೀಟರ್ ಮೇಲೇರಲು ಹೊರಕ್ಕೆ ಎಷ್ಟು ಮೀಟರ್ ಸರಿಯುತ್ತದೆ ಅನ್ನೋದು ಸಾಕು. ತಳದ ಅಂಚಿನಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಅದರ ಮೇಲೆ ಒಂದು ಮೀಟರ್ ಎತ್ತರಕ್ಕೆ ಗುರುತು ಹಾಕಿ. ಅಲ್ಲಿಂದ ಇನ್ನೊಂದು ಕೋಲನ್ನು ಮಟ್ಟವಾಗಿ ಹಿಡಿದು ದಡಕ್ಕೆ ತಾಗಿಸಿ. ಎರಡನೇ ಕೋಲಿನ ಉದ್ದವೇ ನಿಮ್ಮ ಇಳಿಜಾರಿನ ಸಂಖ್ಯೆ. ಒಂದೂವರೆ ಮೀಟರ್ ಬಂದರೆ ಸಂಖ್ಯೆ 1.5. ಗೋಡೆಯಂತೆ ನೆಟ್ಟಗಿರುವ ದಡಕ್ಕೆ ಸೊನ್ನೆ.

ಎರಡು ದಡ ಒಂದೇ ಥರ ಇರುವುದು ಅಪರೂಪ. ಹಳ್ಳ ತಿರುಗುವ ಕಡೆ ಹೊರದಡ ಕೊರೆದು ನೆಟ್ಟಗಾಗಿರುತ್ತದೆ, ಒಳದಡ ಚಪ್ಪಟೆ. ಒಂದು ಕಡೆ 1, ಇನ್ನೊಂದು ಕಡೆ 2 ಬಂದರೆ ಸರಾಸರಿ 1.5 ಅಂತ ಹಾಕಿದರೆ ಲೆಕ್ಕ ಸರಿಯಾಗೇ ಬರುತ್ತದೆ.

ನೀರಿನ ಉದ್ದ: ಟ್ಯೂಬು ಹಿಡಿದು ನಡೆಯಿರಿ

ಪುಸ್ತಕದ ರೀತಿಯಲ್ಲಾದರೆ ತಳದ ಇಳಿಜಾರು ಕಂಡುಹಿಡಿದು, ಆಳವನ್ನು ಅದರಿಂದ ಭಾಗಿಸಬೇಕು. ನೂರು ಮೀಟರಿಗೆ ಒಂದು ಮೀಟರ್ ಏರುವ ಹಳ್ಳದಲ್ಲಿ ಒಂದೂವರೆ ಮೀಟರ್ ಆಳದ ನೀರು 150 ಮೀಟರ್ ಹಿಂದಕ್ಕೆ ಹೋಗುತ್ತದೆ. ನೂರಕ್ಕೆ ಎರಡು ಮೀಟರ್ ಏರಿದರೆ 75 ಮೀಟರ್ ಮಾತ್ರ.

ಇದಕ್ಕಿಂತ ನೇರವಾದ ದಾರಿ ಇದೆ. ನೀರು ಎಲ್ಲಿಗೆ ಮುಟ್ಟುತ್ತದೋ ಆ ಜಾಗವನ್ನೇ ಹುಡುಕಿಬಿಡುವುದು. ಒಡ್ಡಿನ ಜಾಗದಲ್ಲಿ ಒಂದು ಗೂಟ ನೆಟ್ಟು ಅದರ ಮೇಲೆ ಕೋಡಿ ಮಟ್ಟಕ್ಕೆ ಗುರುತು ಹಾಕಿ. ಟ್ಯೂಬಿನ ಒಂದು ತುದಿಯನ್ನು ಅಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಹಳ್ಳದ ಮೇಲ್ಭಾಗಕ್ಕೆ ಹತ್ತು ಹದಿನೈದು ಮೀಟರ್ ಒಯ್ದು ಇನ್ನೊಂದು ಗೂಟಕ್ಕೆ ಅದೇ ಮಟ್ಟ ದಾಟಿಸಿ. ಆಮೇಲೆ ಆ ಗೂಟದಿಂದ ಮುಂದಿನದಕ್ಕೆ. ಹೀಗೆ ಹೋಗುತ್ತಾ ಇದ್ದರೆ ಗುರುತು ನೆಲಕ್ಕೆ ಹತ್ತಿರವಾಗುತ್ತಾ ಬರುತ್ತದೆ. ಗುರುತು ತಳವನ್ನೇ ಮುಟ್ಟಿದ ಕಡೆ ನೀರು ಮುಗಿಯುತ್ತದೆ. ಹಳ್ಳ ಸುತ್ತಿ ಬಳಸಿ ಹೋಗುತ್ತಿದ್ದರೆ ಟೇಪನ್ನೂ ಹಳ್ಳದ ನಡುವೆಯೇ ಸುತ್ತಿಸಿ ಅಳೆಯಿರಿ, ಕಾಗೆ ಹಾರುವ ದೂರ ಬೇಡ.

ಪ್ರತಿ ಗೂಟದಲ್ಲೂ ಗುರುತಿನಿಂದ ತಳಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಆ ಜಾಗದಲ್ಲಿ ನಿಲ್ಲುವ ನೀರಿನ ಆಳ ಅದೇ. ಮುಂದೆ ಇದು ಬಹಳ ಕೆಲಸಕ್ಕೆ ಬರುತ್ತದೆ.

ಟ್ಯೂಬಿನಲ್ಲಿ ಗಾಳಿ ಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಅದನ್ನು ಹಿಡಿಯುವುದು ಸುಲಭ. ಕೆಲಸ ಶುರು ಮಾಡುವ ಮೊದಲು, ನಡುನಡುವೆಯೂ, ಎರಡು ತುದಿಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ನೀರು ಒಂದೇ ಸಮ ನಿಲ್ಲದಿದ್ದರೆ ಒಳಗೆ ಗಾಳಿ ಇದೆ, ಅಥವಾ ಟ್ಯೂಬು ಎಲ್ಲೋ ಮಡಚಿಕೊಂಡಿದೆ. ಓದುವಾಗ ತುದಿಗೆ ಬೆರಳು ಒತ್ತಿಕೊಂಡಿದ್ದರೂ ಇದೇ ಗತಿ.

ಈ ನಡಿಗೆಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಹಿನ್ನೀರು ಯಾರ ಹೊಲದ ಅಂಚಿಗೆ ಬರುತ್ತದೆ ಅನ್ನೋದು ಒಡ್ಡು ಹಾಕುವ ಮೊದಲೇ ಗೂಟದಲ್ಲಿ ಕಾಣುತ್ತದೆ. ಪಕ್ಕದ ಹೊಲದವರನ್ನು ಕರೆದು ಆ ಗೂಟ ತೋರಿಸಿ ಮಾತಾಡುವುದು ಆಗ ಸುಲಭ.

ಸೂತ್ರ

ಒಡ್ಡಿನ ಹಿಂದಿನ ನೀರು ಬೆಣೆಯ ಆಕಾರದ್ದು. ಒಡ್ಡಿನ ಹತ್ತಿರ ದಪ್ಪ, ಹಿಂದಕ್ಕೆ ಹೋಗುತ್ತಾ ತೆಳ್ಳಗಾಗಿ ಸೊನ್ನೆಯಾಗುತ್ತದೆ. ಅದನ್ನು ಲೆಕ್ಕ ಹಾಕುವುದು ಹೀಗೆ:

```
ನೀರು = ಉದ್ದ × ( ಅಗಲ × ಆಳ ÷ 2  +  ಇಳಿಜಾರು × ಆಳ × ಆಳ ÷ 3 )
```

ಎಲ್ಲವನ್ನೂ ಮೀಟರಿನಲ್ಲಿ ಹಾಕಿದರೆ ಉತ್ತರ ಘನ ಮೀಟರಿನಲ್ಲಿ ಬರುತ್ತದೆ. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್. ಅಡಿಯಲ್ಲೇ ಅಳೆದಿದ್ದರೆ ಉತ್ತರ ಘನ ಅಡಿ, ಅದನ್ನು 28.3ರಿಂದ ಗುಣಿಸಿದರೆ ಲೀಟರ್. ಇಳಿಜಾರಿನ ಸಂಖ್ಯೆ ಮಾತ್ರ ಎರಡರಲ್ಲೂ ಒಂದೇ.

ಬ್ರಾಕೆಟ್ಟಿನ ಮೊದಲ ಭಾಗ ತಳದ ಮೇಲೆ ನೆಟ್ಟಗೆ ನಿಂತ ನೀರು. ಹಿಂದಕ್ಕೆ ಹೋದಂತೆ ಅದರ ಆಳ ಮಾತ್ರ ಕಡಿಮೆಯಾಗುತ್ತದೆ, ಹಾಗಾಗಿ ಅರ್ಧ. ಎರಡನೆಯದು ಎರಡೂ ದಡಗಳ ಇಳಿಜಾರಿನ ಮೇಲೆ ಹರಡಿದ ನೀರು. ಅಲ್ಲಿ ಆಳವೂ ಕಡಿಮೆಯಾಗುತ್ತದೆ, ಹರಡುವ ಅಗಲವೂ ಕಡಿಮೆಯಾಗುತ್ತದೆ. ಹಾಗಾಗಿ ಅರ್ಧ ಅಲ್ಲ, ಮೂರನೇ ಒಂದು. ಒಡ್ಡಿನ ಹತ್ತಿರದ ಅಡ್ಡಸೀಳನ್ನು ಉದ್ದದಿಂದ ಗುಣಿಸಿ ಸುಮ್ನೆ ಅರ್ಧ ಮಾಡಿಬಿಡುವವರು ಇದನ್ನೇ ಮರೆತಿರುತ್ತಾರೆ.

ಒಂದು ಹಳ್ಳವನ್ನು ತೆಗೆದುಕೊಳ್ಳೋಣ. ತಳದ ಅಗಲ 6 ಮೀಟರ್, ದಡದ ಇಳಿಜಾರು 1.5, ಕೋಡಿ ಮಟ್ಟಕ್ಕೆ ಆಳ 1.5 ಮೀಟರ್, ನೀರಿನ ಉದ್ದ 150 ಮೀಟರ್.

```
6 × 1.5 ÷ 2          = 4.5
1.5 × 1.5 × 1.5 ÷ 3  = 1.125
150 × 5.625          = 844 ಘನ ಮೀಟರ್
```

ಅಂದರೆ 8 ಲಕ್ಷದ 44 ಸಾವಿರ ಲೀಟರ್. ಒಡ್ಡಿನ ಒಳಮೈ ಇಳಿಜಾರಿನ ಮೇಲೆ ನಿಲ್ಲುವ ನೀರು ಇದರಲ್ಲಿ ಸೇರಿಲ್ಲ. ಅದು ಈ ಅಳತೆಗೆ ಸುಮಾರು 20 ಘನ ಮೀಟರ್ ಆಗುತ್ತದೆ, ಬಿಟ್ಟರೂ ನಡೆಯುತ್ತದೆ.

ಇದೇ ಹಳ್ಳಕ್ಕೆ ಸುಮ್ನೆ ಅರ್ಧ ಮಾಡುವ ಲೆಕ್ಕ ಹಾಕಿದರೆ 928 ಬರುತ್ತದೆ. ಇದೊಂದು ಸಣ್ಣ ತಪ್ಪು. ಆಳದ ಜಾಗದಲ್ಲಿ ಒಡ್ಡಿನ ಎತ್ತರ 2.5 ಮೀಟರ್ ಹಾಕಿದರೆ ಏನಾಗುತ್ತದೆ ನೋಡಿ. ಉದ್ದವೂ 250 ಆಗಿ ಉತ್ತರ 2,656ಕ್ಕೆ ಹೋಗುತ್ತದೆ. ಮೂರು ಪಟ್ಟಿಗಿಂತ ಜಾಸ್ತಿ! ಬಾಯಿಲೆಕ್ಕದ ಮೂವತ್ತು ಲಕ್ಷ ಲೀಟರ್ ಹುಟ್ಟುವುದು ಹೀಗೆ.

844 ಘನ ಮೀಟರ್ ಅಂದರೆ ಹೊಲಕ್ಕೆ ಎಷ್ಟು? ಒಂದು ಎಕರೆಯಲ್ಲಿ ಎರಡು ಇಂಚು, ಅಂದರೆ ಐದು ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 200 ಘನ ಮೀಟರ್ ಬೇಕು. ಹಾಗಾಗಿ ಇದು ನಾಲ್ಕು ಎಕರೆಗೆ ಒಂದು ಸಲದ ನೀರು. ಅದೂ ಆವಿ, ಇಂಗುವಿಕೆ ಎರಡನ್ನೂ ಲೆಕ್ಕಕ್ಕೆ ಹಿಡಿಯದೆ.

ಯಾವ ಅಳತೆಗೆ ಎಷ್ಟು ಹೊತ್ತು ಕೊಡಬೇಕು

ಎಲ್ಲ ಅಳತೆಯೂ ಒಂದೇ ತೂಕದ್ದಲ್ಲ. ಇದೇ ಹಳ್ಳದಲ್ಲಿ ತಳದ ಅಗಲವನ್ನು 30 ಸೆಂಟಿಮೀಟರ್ ಜಾಸ್ತಿ ಅಳೆದರೆ ಉತ್ತರ ನೂರಕ್ಕೆ 4ರಷ್ಟು ಮಾತ್ರ ಏರುತ್ತದೆ. ದಡದ ಇಳಿಜಾರು 1.5ರ ಬದಲು 2 ಅಂತ ಬರೆದುಕೊಂಡರೂ ನೂರಕ್ಕೆ 7ರ ಒಳಗೇ. ಆದರೆ ಕೋಡಿಯನ್ನು ಹತ್ತೇ ಸೆಂಟಿಮೀಟರ್ ಎತ್ತರಕ್ಕೆ ಹಿಡಿದರೆ ನೂರಕ್ಕೆ 15. ಯಾಕೆಂದರೆ ಆಳ ಜಾಸ್ತಿಯಾದಾಗ ನೀರು ಹಿಂದಕ್ಕೂ ಉದ್ದವಾಗುತ್ತದೆ. ತಳದ ಏರಿಕೆಯನ್ನು ನೂರಕ್ಕೆ 1ರ ಬದಲು 0.8 ಅಂತ ಕಣ್ಣಂದಾಜಿನಲ್ಲಿ ಹಿಡಿದರೆ ನೂರಕ್ಕೆ 25. ಹಳ್ಳದಲ್ಲಿ ನಿಂತು ನೋಡಿದರೆ ಈ ಎರಡರ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಅಗಲ ಅಳೆಯಲು ಐದು ನಿಮಿಷ ಸಾಕು. ಟ್ಯೂಬು ಹಿಡಿದು ನಡೆಯಲು ಅರ್ಧ ದಿನ ಹೋದರೂ ಚಿಂತೆ ಇಲ್ಲ.

ಕರಾವಳಿ, ಮಲೆನಾಡಿನ ಅಡಿಕೆ ತೋಟದವರು ಮಳೆಗಾಲ ಮುಗಿದ ಮೇಲೆ ತೋಡಿಗೆ ಹಾಕುವ ಕಟ್ಟಕ್ಕೂ ಇದೇ ಸೂತ್ರ ನಡೆಯುತ್ತದೆ. ದಡ ನೆಟ್ಟಗಿದ್ದರೆ ಎರಡನೇ ಭಾಗ ಸೊನ್ನೆಯಾಗುತ್ತದೆ. ಆದರೆ ಅಲ್ಲಿ ತೋಡು ಹರಿಯುತ್ತಲೇ ಇರುತ್ತದೆ, ನಿಂತ ನೀರಿಗಿಂತ ಬರುತ್ತಿರುವ ನೀರಿನ ಲೆಕ್ಕವೇ ದೊಡ್ಡದು.

ಹಳ್ಳ ಸೂತ್ರದ ಮಾತು ಕೇಳದಿದ್ದರೆ

ತಳ ಒಂದೇ ಸಮನೆ ಏರುತ್ತದೆ, ಅಗಲ ಎಲ್ಲ ಕಡೆ ಒಂದೇ. ಸೂತ್ರ ಹೀಗೆ ನಂಬಿಕೊಂಡಿದೆ. ನಿಮ್ಮ ಹಳ್ಳ ಹಾಗಿದೆಯಾ ಅಂತ ನೋಡಲು ಟ್ಯೂಬಿನ ನಡಿಗೆಯಲ್ಲಿ ಬರೆದುಕೊಂಡ ಆಳಗಳೇ ಸಾಕು. ಅರ್ಧ ದೂರದಲ್ಲಿ ಆಳವೂ ಅರ್ಧ ಇರಬೇಕು. ನಮ್ಮ ಉದಾಹರಣೆಯಲ್ಲಿ 75 ಮೀಟರಿನಲ್ಲಿ 75 ಸೆಂಟಿಮೀಟರ್. ಅಲ್ಲಿ ಒಂದು ಮೀಟರ್ ಬಂದರೆ ನಡುವೆ ಮಡು ಇದೆ, ಸೂತ್ರ ಕಡಿಮೆ ತೋರಿಸುತ್ತಿದೆ. ಅರ್ಧ ಮೀಟರ್ ಬಂದರೆ ಒಡ್ಡಿನ ಹತ್ತಿರ ಮಾತ್ರ ಆಳ, ಸೂತ್ರ ಜಾಸ್ತಿ ಹೇಳುತ್ತಿದೆ.

ಆಗ ತುಂಡು ತುಂಡಾಗಿ ಲೆಕ್ಕ ಹಾಕಬೇಕು. ಪ್ರತಿ ತುಂಡಿನ ಕೊನೆಯಲ್ಲಿ ತಳದ ಅಗಲ, ದಡದ ಇಳಿಜಾರು, ಆಳ ಅಳೆದು ಅಡ್ಡಸೀಳಿನ ವಿಸ್ತೀರ್ಣ ಹಾಕಿ. ಅಗಲವನ್ನು ಆಳದಿಂದ ಗುಣಿಸಿ, ಅದಕ್ಕೆ ಇಳಿಜಾರು × ಆಳ × ಆಳ ಕೂಡಿಸಿದರೆ ವಿಸ್ತೀರ್ಣ ಸಿಗುತ್ತದೆ. ಎರಡು ಸೀಳುಗಳ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸಿದರೆ ಆ ತುಂಡಿನ ನೀರು.

ನಮ್ಮ ಹಳ್ಳದಲ್ಲೇ ಟ್ಯೂಬು ಹೀಗೆ ತೋರಿಸಿತು ಅಂತ ಇಟ್ಟುಕೊಳ್ಳಿ. ಒಡ್ಡಿನ ಹತ್ತಿರ ಮೊದಲಿನದೇ ಅಳತೆ, ವಿಸ್ತೀರ್ಣ 12.4 ಚದರ ಮೀಟರ್. 50 ಮೀಟರ್ ಹಿಂದೆ ಹಳ್ಳ 7 ಮೀಟರ್ ಅಗಲವಾಗಿ ಆಳ 1.1, ವಿಸ್ತೀರ್ಣ 9.5. 100 ಮೀಟರಿನಲ್ಲಿ ಹಳ್ಳ 5 ಮೀಟರಿಗೆ ಕಿರಿದಾಗಿ ಆಳ 0.4, ವಿಸ್ತೀರ್ಣ 2.2. 150ರಲ್ಲಿ ಸೊನ್ನೆ. ಮೊದಲ ತುಂಡಿಗೆ 548, ಎರಡನೆಯದಕ್ಕೆ 292, ಕೊನೆಯದಕ್ಕೆ 55. ಒಟ್ಟು 895 ಘನ ಮೀಟರ್. ಸೂತ್ರದ 844ಕ್ಕಿಂತ ಸ್ವಲ್ಪ ಜಾಸ್ತಿ, ಕಾರಣ ನಡುವಿನ ಮಡು. ಕೊನೆಯ 50 ಮೀಟರಿನಲ್ಲಿ ಇರುವುದು ಬರೀ 55 ಅನ್ನೋದನ್ನೂ ಗಮನಿಸಿ. ಬಾಲದ ಕಡೆ ಅಳತೆ ಒರಟಾದರೂ ತೊಂದರೆ ಇಲ್ಲ. ಒಡ್ಡಿನ ಹತ್ತಿರ ಮಾತ್ರ ಗೂಟಗಳು ಹತ್ತಿರ ಹತ್ತಿರ ಇರಲಿ.

ಪಕ್ಕದಿಂದ ಸಣ್ಣ ಕೊರಕಲು ಬಂದು ಸೇರುತ್ತಿದ್ದರೆ ನೀರು ಅದರೊಳಗೂ ನುಗ್ಗುತ್ತದೆ. ಅದನ್ನು ಇನ್ನೊಂದು ಬೆಣೆ ಅಂತ ಬೇರೆ ಲೆಕ್ಕ ಹಾಕಿ ಕೂಡಿಸಿ. ಒಡ್ಡಿಗೆ ಮಣ್ಣನ್ನು ಹಿನ್ನೀರಿನ ಜಾಗದಿಂದಲೇ ತೆಗೆದರೆ, ಕೋಡಿ ಮಟ್ಟದ ಕೆಳಗೆ ಅಗೆದಷ್ಟೂ ನೀರಿಗೆ ಜಾಗ ಆಯಿತು. ಅದನ್ನೂ ಸೇರಿಸಬಹುದು. ಆದರೆ ಗುಂಡಿ ಒಡ್ಡಿನ ಬುಡದಿಂದ ಕನಿಷ್ಠ ಹತ್ತು ಮೀಟರ್ ದೂರ ಇರಲಿ. ಅಂಟುಮಣ್ಣಿನ ಪದರ ದಾಟಿ ಮರಳು ಕಾಣುವವರೆಗೆ ಅಗೆದರೆ ನೀರು ಅಲ್ಲಿಂದಲೇ ಬೇಗ ಇಂಗಿ ಹೋಗುತ್ತದೆ. ಅಂತರ್ಜಲಕ್ಕೆ ಅಂತಲೇ ಒಡ್ಡು ಹಾಕಿದ್ದರೆ ಅದು ಒಳ್ಳೆಯದೇ, ಪಂಪಿಟ್ಟು ಎತ್ತುವ ಯೋಚನೆ ಇದ್ದರೆ ಅಲ್ಲ.

ಅಳತೆಕೋಲು ನೆಡಿ

ಒಡ್ಡು ಮುಗಿದ ಮೇಲೆ ಅತಿ ಆಳದ ಕಡೆ ಒಂದು ಕಲ್ಲುಕಂಬವನ್ನೋ ಕಬ್ಬಿಣದ ಪೈಪನ್ನೋ ನೆಟ್ಟು ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣ ಬಳಿಯಿರಿ. ತಳವೇ ಸೊನ್ನೆ. ನಂತರ ಪ್ರತಿ ಆಳಕ್ಕೂ ಸೂತ್ರ ಹಾಕಿ ಒಂದು ಚೀಟಿ ಮಾಡಿಕೊಳ್ಳಿ. ಉದ್ದವೂ ಆಳದ ಜೊತೆ ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ. ಈ ಹಳ್ಳದಲ್ಲಿ ಒಂದು ಮೀಟರ್ ನೀರಿದ್ದಾಗ ಉದ್ದ 100, ಅರ್ಧ ಮೀಟರ್ ಇದ್ದಾಗ 50.

```
ಆಳ 1.5 ಮೀ.    844 ಘನ ಮೀಟರ್
ಆಳ 1.0 ಮೀ.    350
ಆಳ 0.75 ಮೀ.   190
ಆಳ 0.5 ಮೀ.     81
```

ಚೀಟಿ ನೋಡಿದರೆ ಅಚ್ಚರಿಯಾಗುತ್ತದೆ, ಅಲ್ವಾ? ಕೋಲಿನಲ್ಲಿ ನೀರು ಅರ್ಧಕ್ಕೆ ಇಳಿದಿದ್ದರೆ ಅರ್ಧ ನೀರು ಉಳಿದಿದೆ ಅಂತಲ್ಲ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಆಗಲೇ ಹೋಗಿದೆ. ಇನ್ನೂ ಅರ್ಧ ಇದೆಯಲ್ಲ ಅಂತ ಅದನ್ನು ನಂಬಿ ಬೆಳೆ ಇಟ್ಟವರಿಗೆ ಎರಡನೇ ನೀರಿಗೇ ಪಂಪು ಗಾಳಿ ಎಳೆಯುತ್ತದೆ.

ಇದೇ ಕೋಲಿನಿಂದ ಇಂಗುವಿಕೆಯೂ ಗೊತ್ತಾಗುತ್ತದೆ. ಮಳೆ ಇಲ್ಲದ, ಹಳ್ಳಕ್ಕೆ ನೀರು ಬರದ, ಪಂಪು ಹಾಕದ ದಿನ ನೋಡಿ ಬೆಳಗ್ಗೆ ಒಂದು ಗುರುತು, ಮರುದಿನ ಅದೇ ಹೊತ್ತಿಗೆ ಇನ್ನೊಂದು ಗುರುತು ಹಾಕಿ. ತುಂಬಿದ ಒಡ್ಡಿನಲ್ಲಿ 4 ಸೆಂಟಿಮೀಟರ್ ಇಳಿಯಿತು ಅನ್ನಿ. ನೀರಿನ ಮೇಲ್ಮೈ ಇಲ್ಲಿ ಸರಾಸರಿ 8.25 ಮೀಟರ್ ಅಗಲ, 150 ಮೀಟರ್ ಉದ್ದ, ಅಂದರೆ 1,237 ಚದರ ಮೀಟರ್. ಇಳಿದ ನೀರು ಸುಮಾರು 49 ಘನ ಮೀಟರ್. ಇದರಲ್ಲಿ ಆವಿಗೆ ದಿನಕ್ಕೆ ಅರ್ಧ ಸೆಂಟಿಮೀಟರ್ ಅಂತ ಹಿಡಿದರೂ 6 ಘನ ಮೀಟರ್ ಮಾತ್ರ. ಉಳಿದ 43 ನೆಲಕ್ಕೆ ಇಂಗುತ್ತಿದೆ, ಇಲ್ಲವೇ ಒಡ್ಡಿನಿಂದ ಸೋರುತ್ತಿದೆ. ಯಾವುದು ಅಂತ ತಿಳಿಯಲು ಒಡ್ಡಿನ ಹೊರಬುಡಕ್ಕೆ ಹೋಗಿ ನೋಡಿ. ಅಲ್ಲಿ ಒಣಗಿದ್ದರೆ ಇಂಗುವಿಕೆ. ತಿಳಿನೀರು ಸ್ವಲ್ಪ ಜಿನುಗುತ್ತಿದ್ದರೆ ಗಮನ ಇಟ್ಟಿರಿ. ಕೆಂಪಾದ, ಕದಡಿದ ನೀರು ಬರುತ್ತಿದ್ದರೆ ಒಡ್ಡಿನ ಮಣ್ಣು ಒಳಗಿಂದ ಕೊಚ್ಚಿಹೋಗುತ್ತಿದೆ ಅಂತ ಅರ್ಥ. ಆಗ ಲೆಕ್ಕ ಬಿಟ್ಟು ಮೊದಲು ನೀರಿನ ಮಟ್ಟ ಇಳಿಸಬೇಕು.

ಹೂಳು ತಿನ್ನುವ ಪಾಲು

ಮೊದಲ ವರ್ಷದ ಚೀಟಿ ಮೂರನೇ ವರ್ಷಕ್ಕೆ ನಡೆಯುವುದಿಲ್ಲ. ಮೇಲಿನ ಹೊಲಗಳ ಮಣ್ಣೆಲ್ಲ ಬಂದು ಇಲ್ಲೇ ಕೂರುತ್ತದೆ. ತಳದ ಉದ್ದಕ್ಕೂ 30 ಸೆಂಟಿಮೀಟರ್ ಹೂಳು ಕೂತರೆ ಆಳ 1.2 ಮೀಟರಿಗೆ, ಉದ್ದ 120ಕ್ಕೆ ಇಳಿಯುತ್ತದೆ. ದಡ ಓರೆಯಾಗಿರುವುದರಿಂದ ಹೊಸ ತಳದ ಅಗಲ 6.9 ಆಗುತ್ತದೆ. ಸೂತ್ರಕ್ಕೆ ಹಾಕಿದರೆ 583. ಆಳದಲ್ಲಿ ಹೋದದ್ದು ಐದನೇ ಒಂದು ಪಾಲು, ನೀರಿನಲ್ಲಿ ಹೋದದ್ದು ಸುಮಾರು ಮೂರನೇ ಒಂದು ಪಾಲು.

ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಅಳತೆಕೋಲಿನ ಬುಡದಲ್ಲಿ ಎಷ್ಟು ಸೆಂಟಿಮೀಟರ್ ಮುಚ್ಚಿದೆ ನೋಡಿ. ಹಿಂದಕ್ಕೆ ಎರಡು ಮೂರು ಕಡೆ ಗಡಾರಿ ಇಳಿಸಿ ಹಳೆ ಗಟ್ಟಿ ತಳ ಎಲ್ಲಿ ಸಿಗುತ್ತದೆ ಅಂತ ಪರೀಕ್ಷೆ ಮಾಡಿ. ದಪ್ಪ ಮರಳು ನೀರಿನ ಬಾಲದ ಕಡೆ ನಿಲ್ಲುತ್ತದೆ, ನುಣುಪಾದ ಮಣ್ಣು ಒಡ್ಡಿನವರೆಗೆ ಬರುತ್ತದೆ. ಹೊಲಕ್ಕೆ ಬೇಕಾದದ್ದು ಈ ನುಣುಪು ಮಣ್ಣೇ, ನೀರು ಜಾಸ್ತಿ ನಿಲ್ಲಬೇಕಾದದ್ದೂ ಅದೇ ಜಾಗದಲ್ಲಿ. ಆದ್ದರಿಂದ ಎಲ್ಲವನ್ನೂ ತೆಗೆಯಲು ದುಡ್ಡಿಲ್ಲದಿದ್ದರೆ ಒಡ್ಡಿನ ಕಡೆಯಿಂದ ಶುರು ಮಾಡಿ. ಬುಡದ ಹತ್ತಿರದ ಹಳೆ ಗಟ್ಟಿ ತಳವನ್ನು ಮಾತ್ರ ಕೆದಕಬೇಡಿ.

ಈ ಲೆಕ್ಕದಲ್ಲಿ ಹೂಳು 260 ಘನ ಮೀಟರ್. ನೂರು ಘನ ಅಡಿಯ ಟ್ರೇಲರಿಗೆ 2.8 ಘನ ಮೀಟರ್ ಹಿಡಿಯುತ್ತದೆ. ಹಾಗೆ ನೋಡಿದರೆ 92 ಲೋಡು. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗ ಉಬ್ಬುತ್ತದೆ ಅಂತ ಸೇರಿಸಿದರೆ 115ರ ಹತ್ತಿರ. ಟ್ರ್ಯಾಕ್ಟರಿನವರ ಜೊತೆ ದರ ಮಾತಾಡುವಾಗ ಈ ಎರಡನೇ ಸಂಖ್ಯೆಯನ್ನೇ ಇಟ್ಟುಕೊಳ್ಳಿ.